ಸಿನಿಮಾದ ಹಾರೈಕೆ ಸಾಲು ನಮ್ಮ ಮಾತಾಗೋದು ಯಾವಾಗ? (‘ನಗುತಾ ನಗುತಾ ಬಾಳು’ ಇಟ್ಟುಕೊಂಡು ಒಂದು ಪ್ರಶ್ನೆ)

ಸಾಲುಗಳ್ಳ
ಕನ್ನಡ ಸಿನಿಮಾದಲ್ಲಿ ಶುಭ ಕೋರೋ ಹಾಡು, ಹರಸೋ ಹಾಡು, ಎದುರಿಗೆ ಬಂದವರನ್ನ ಮಾತಾಡಿಸೋ ಡೈಲಾಗು ಲೆಕ್ಕವಿಲ್ಲದಷ್ಟಿವೆ. ಬಹುಪಾಲು ಥಿಯೇಟರ್ ಬಾಗಿಲು ದಾಟಲಿಲ್ಲ. ಕೆಲವು ಮಾತ್ರ ಮನೆಮನೆಗೆ ಬಂದು ಕೂತವು. 1989ರ ‘ಪರಶುರಾಮ್’ ಚಿತ್ರದ ‘ನಗುತಾ ನಗುತಾ ಬಾಳು ನೀನು ನೂರು ವರುಷ’ ನೋಡಿ. ಆ ಸಿನಿಮಾ ನೋಡದವರು, ಅದು ಬಂದಮೇಲೆ ಹುಟ್ಟಿದವರು, ಎಲ್ಲರೂ ಬರ್ತ್‌ಡೇ ಅಂದ್ರೆ ಅದನ್ನೇ ಸ್ಟೇಟಸ್‌ಗೆ ಹಾಕ್ತಾರೆ, ಬ್ಯಾನರ್‌ಗೆ ಹಾಕ್ತಾರೆ, ಕೇಕ್ ಕತ್ತರಿಸುವಾಗ ಹಾಡ್ತಾರೆ. ಯಾಕೆ ಇದೊಂದೇ? ಸ್ಟಾರ್ ದೊಡ್ಡವರು ಅಂತಲಾ, ಟ್ಯೂನ್ ಸುಲಭ ಅಂತಲಾ, ಇಲ್ಲಾ ಭಾಷೆಯ ಒಳಗೇ ಏನಾದ್ರೂ ಕಾರಣ ಇದೆಯಾ? ‘ಅದೃಷ್ಟ’ ಅನ್ನೋ ಉತ್ತರ ಬೇಡ.

ಗಾಂಧಿನಗರ ಗಡಿಯಾರ
ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ? ಅಣ್ಣಾವ್ರ ಹಾಡು. ಅಣ್ಣಾವ್ರು ಬಾಯಿ ಬಿಟ್ರೆ ನಾಡಿಗೆ ನಾಡೇ ಹೇಳ್ತಿತ್ತು. ಮುಗೀತು.

ಲಘು ಗುರು
ಹಾಗಾದ್ರೆ ರಾಜ್ ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದ್ದಾರೆ, ಅವುಗಳಲ್ಲಿ ಹರಸೋ ಹಾಡು ಬೇಕಾದಷ್ಟಿವೆ. ಅವೆಲ್ಲ ಯಾಕೆ ಬರ್ತ್‌ಡೇ ಹಾಡಾಗಲಿಲ್ಲ? ಸ್ಟಾರ್ ಇದ್ರೆ ಸಾಲು ಕಿವಿಗೆ ಬೀಳುತ್ತೆ, ಅಷ್ಟೇ. ಬಾಯಲ್ಲಿ ಉಳಿಯೋದಕ್ಕೆ ಬೇರೆ ಕಾರಣ ಬೇಕು.

ನನ್ನ ಪ್ರಕಾರ ಮೊದಲ ಕಾರಣ ಖಾಲಿ ಜಾಗ. ಕನ್ನಡದಲ್ಲಿ ದಿನನಿತ್ಯ ಎದುರಾದವರನ್ನ ಮಾತಾಡಿಸೋಕೆ ಪ್ರಶ್ನೆಗಳು ಧಾರಾಳವಾಗಿವೆ: ‘ಊಟ ಆಯ್ತಾ’, ‘ಏನ್ ಸಮಾಚಾರ’, ‘ಹೆಂಗಿದೀರಾ’. ಅಲ್ಲಿ ಸಿನಿಮಾಗೆ ಜಾಗವೇ ಇಲ್ಲ. ಆದರೆ ಹುಟ್ಟುಹಬ್ಬಕ್ಕೆ ಶುಭ ಕೋರೋದು ನಮ್ಮ ಮನೆಗಳಿಗೆ ತಡವಾಗಿ ಬಂದ ಪದ್ಧತಿ. ಅದಕ್ಕೆ ಇದ್ದದ್ದು ಎರಡೇ. ಒಂದು ‘ಹ್ಯಾಪಿ ಬರ್ತ್‌ಡೇ’. ಇನ್ನೊಂದು ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’, ಅದು ಬರೆಯೋಕೆ ಚೆಂದ, ಎದುರಿಗೆ ನಿಂತು ಬಾಯಿಬಿಟ್ಟು ಹೇಳಿದ್ರೆ ಸನ್ಮಾನ ಪತ್ರ ಓದಿದ ಹಾಗಿರುತ್ತೆ. ಕೇಕ್ ಮುಂದೆ ಹತ್ತು ಜನ ಒಟ್ಟಿಗೆ ಹಾಡಬಹುದಾದ ಕನ್ನಡ ಸಾಲು ಇರಲಿಲ್ಲ. ಆ ಜಾಗಕ್ಕೆ ಈ ಸಾಲು ಬಂದು ಕೂತಿತು.

ಎರಡನೇದು, ಇದರೊಳಗಿನ ಮಾತು ಹೊಸದಲ್ಲ. ‘ನೂರ್ಕಾಲ ಬಾಳು’, ‘ನೂರು ವರ್ಷ ಸುಖವಾಗಿ ಬಾಳು’ ಅಂತ ಕಾಲಿಗೆ ಬಿದ್ದವರ ತಲೆ ಮುಟ್ಟಿ ಹಿರಿಯರು ಹರಸ್ತಿದ್ದದ್ದೇ. ಹಾಡು ಅದಕ್ಕೆ ನಗುವನ್ನ ಸೇರಿಸಿ ಟ್ಯೂನ್ ಕೊಟ್ಟಿತು. ಅಜ್ಜಿಯ ಬಾಯಲ್ಲಿದ್ದ ಆಶೀರ್ವಾದವನ್ನ ಗೆಳೆಯ ಗೆಳೆಯನಿಗೆ ಹೇಳೋ ಹಾಗೆ ಮಾಡಿದ್ದು ಹಾಡು.

ಫ್ಲೆಕ್ಸ್ ಮಾಮ
ಲಘು ಗುರು ಅವರು ಹೇಳಿದ್ದು ಸರಿ, ಆದ್ರೆ ಅಲ್ಲೇ ಒಂದು ತೊಡಕಿದೆ. ಹಿರಿಯರ ಆಶೀರ್ವಾದ ಆಗಿದ್ದರಿಂದಲೇ ಅದರಲ್ಲಿ ‘ಬಾಳು ನೀನು’ ಅಂತಿದೆ. ಮಗುವಿನ ಬ್ಯಾನರ್‌ಗೆ ಸರಿ. ಊರಿನ ಮುಖಂಡರ ಹುಟ್ಟುಹಬ್ಬಕ್ಕೆ ‘ಬಾಳು ನೀನು’ ಅಂತ ಪ್ರಿಂಟ್ ಹಾಕಿದ್ರೆ ಮಾರನೇ ದಿನ ಅಂಗಡಿ ಮುಂದೆ ಜಗಳ. ಹಂಗಾಗಿ ಬ್ಯಾನರ್ ಲೋಕದಲ್ಲಿ ಇದು ಯಾವತ್ತೋ ‘ನಗುತಾ ನಗುತಾ ಬಾಳಿ ನೀವು ನೂರು ವರುಷ’ ಆಗಿದೆ. ಸಿನಿಮಾದಲ್ಲಿ ಹಾಗಿಲ್ಲ ಅಂತ ಯಾರೂ ತಕರಾರು ತೆಗೆಯಲ್ಲ.

ಲಘು ಗುರು
ತಕರಾರು ಬರದಿರೋದಕ್ಕೆ ಕಾರಣ ಇದೆ. ‘ಬಾಳು’ ಮೂರು ಮಾತ್ರೆ, ‘ನೀನು’ ಮೂರು. ‘ಬಾಳಿ’ ಮೂರು, ‘ನೀವು’ ಮೂರು. ಎರಡರಲ್ಲೂ ಮೊದಲಕ್ಷರ ಗುರು, ಎರಡನೇದು ಲಘು. ಟ್ಯೂನ್‌ಗೆ ಒಂದು ಕೂದಲಷ್ಟೂ ತೊಂದರೆ ಇಲ್ಲ. ಅದೇ ‘ಬಾಳಿರಿ ನೀವು’ ಅಂತ ಹಾಡಿ ನೋಡಿ, ‘ರಿ’ ಹೊರಗೆ ನಿಲ್ಲುತ್ತೆ. ಒಂದು ಮಾತ್ರೆ ಹೆಚ್ಚು. ಹಾಡುವವರು ಅದನ್ನ ನುಂಗಬೇಕು, ಇಲ್ಲಾ ತಾಳ ಬಿಡಬೇಕು.

ಇದನ್ನ ಇಷ್ಟು ಎಳೀತಿರೋದು ಯಾಕಂದ್ರೆ, ಸಾಲು ಮಾತಾಗಬೇಕಾದ್ರೆ ಅದು ಬಗ್ಗಬೇಕು. ಯಾರಿಗೆ ಹೇಳ್ತೀವಿ ಅನ್ನೋದರ ಮೇಲೆ ನೀನು, ನೀವು, ಅವನು, ಅವರು ಬದಲಾಗಲೇಬೇಕಾದ ಭಾಷೆ ನಮ್ಮದು. ಬದಲಾಯಿಸಿದ ಕೂಡಲೇ ಟ್ಯೂನ್ ಮುರಿಯೋ ಸಾಲು ಮಕ್ಕಳಿಗೋ ಪ್ರೇಯಸಿಗೋ ಮಾತ್ರ ಸೀಮಿತ ಆಗುತ್ತೆ. ಮುರಿಯದೇ ಇದ್ರೆ ಮಾವನಿಗೂ ಆಗುತ್ತೆ, ಮೇಷ್ಟರಿಗೂ ಆಗುತ್ತೆ.

ಗಾಂಧಿನಗರ ಗಡಿಯಾರ
ಸರ್, ಬ್ಯಾನರ್ ಹಾಕಿಸೋರು ಮಾತ್ರೆ ಲೆಕ್ಕ ಹಾಕ್ತಾರೆ ಅಂತೀರಾ?

ಲಘು ಗುರು
ಲೆಕ್ಕ ಯಾರೂ ಹಾಕಲ್ಲ. ಕಿವಿ ಹಾಕುತ್ತೆ.

ಕನ್ವರ್‌ಲಾಲ್ ಶಿಷ್ಯ
ಗ್ರೀಟಿಂಗ್ ಅಂದ್ರೆ ‘ಕುತ್ತೇ, ಕನ್ವರ್ ನಹೀ, ಕನ್ವರ್‌ಲಾಲ್ ಬೋಲೋ’ ಬಿಟ್ಟು ಇನ್ಯಾವುದು ಸ್ವಾಮಿ? 1981ರ ‘ಅಂತ’. ಅಂಬರೀಷ್. ಹೆಸರು ಹಿಡಿದು ಕರೆದ್ರೆ ಇವತ್ತಿಗೂ ಜನ ಇದನ್ನೇ ತಿರುಗಿಸಿ ಹೊಡೀತಾರೆ.

ಸಾಲುಗಳ್ಳ
ಅದು ಶುಭಾಶಯ ಅಲ್ಲವಲ್ಲ ಮಾರಾಯರೇ, ಬೈಗುಳ.

ಕನ್ವರ್‌ಲಾಲ್ ಶಿಷ್ಯ
ಗೆಳೆಯರ ನಡುವೆ ಎರಡಕ್ಕೂ ಅಂಥಾ ವ್ಯತ್ಯಾಸ ಏನಿಲ್ಲ.

ಲಘು ಗುರು
ಅವರು ಪ್ರಶ್ನೆ ತಪ್ಪಾಗಿ ಓದಿದ್ರೂ ತಂದ ಉದಾಹರಣೆ ಒಳ್ಳೇದು. ಅದು ‘ನನ್ನನ್ನ ಹೀಗೆ ಕರಿ’ ಅನ್ನೋ ಸಾಲು. ಹೆಸರಿನ ಜಾಗದಲ್ಲಿ ಯಾರ ಹೆಸರು ಬೇಕಾದ್ರೂ ಹಾಕಬಹುದು, ಉಳಿದದ್ದು ಅಚ್ಚು. ಹಿಂದಿಯಲ್ಲಿದ್ದರೂ ನಲವತ್ತು ವರ್ಷ ದಾಟಿ ಉಳಿದಿರೋದು ಆ ಅಚ್ಚಿನಿಂದ. 2018ರ ‘ಕೆಜಿಎಫ್’ ಚಿತ್ರದ ‘ಸಲಾಂ ರಾಕಿ ಭಾಯ್’ ಕೂಡ ಅದೇ ಜಾತಿ. ‘ಸಲಾಂ’ ಮತ್ತು ‘ಭಾಯ್’ ನಡುವೆ ಬೇಕಾದ ಹೆಸರು ತುಂಬಿದ್ರೆ ಬ್ಯಾನರ್ ರೆಡಿ.

ಫ್ಲೆಕ್ಸ್ ಮಾಮ
ಎರಡಕ್ಷರದ ಹೆಸರಾದ್ರೆ ರೆಡಿ. ‘ಸಲಾಂ ಚಂದ್ರಶೇಖರ ಭಾಯ್’ ಅಂತ ಕೇಳ್ತಾರೆ, ಪ್ರಿಂಟ್ ಆಗುತ್ತೆ, ಹಾಡೋಕಾಗಲ್ಲ. ಅಂಥ ಕಡೆ ಹೆಸರೇ ಮೊಟಕಾಗಿ ‘ಚಂದ್ರು ಭಾಯ್’ ಆಗುತ್ತೆ.

ಧಾರವಾಡ ಮಳಿ
ನೀವೆಲ್ಲ ಬರ್ತ್‌ಡೇ ಹಿಡಕೊಂಡು ಕುಂತೀರಿ. ಯುಗಾದಿ ಬಿಟ್ಟೀರಲ್ರೀ. ‘ಯುಗ ಯುಗಾದಿ ಕಳೆದರೂ ಯುಗಾದಿ ಮರಳಿ ಬರುತಿದೆ’, ಬೇಂದ್ರೆ ಅಜ್ಜಾರ ಕವಿತಾ. 1963ರಾಗ ‘ಕುಲವಧು’ ಚಿತ್ರಕ್ಕ ಹಾಕ್ಕೊಂಡ್ರು, ಎಸ್. ಜಾನಕಿ ಹಾಡ್ಯಾರ, ಜಿ.ಕೆ. ವೆಂಕಟೇಶ್ ಸಂಗೀತ. ಅವತ್ತಿಂದ ಇವತ್ತಿನ ತನಕಾ ಯುಗಾದಿ ದಿನ ಮೊಬೈಲ್ ತುಂಬ ಇದ. ಪುಸ್ತಕದಾಗ ಇದ್ದ ಸಾಲು ಅಡಗಿ ಮನಿಗೆ ಬಂದಿದ್ದು ಸಿನಿಮಾದಿಂದ, ಆಮ್ಯಾಲೆ ರೇಡಿಯೋದಿಂದ.

ಸಾಲುಗಳ್ಳ
ಆದ್ರೆ ಅದರಲ್ಲಿ ಯಾರೂ ಯಾರಿಗೂ ಶುಭ ಕೋರ್ತಿಲ್ಲವಲ್ಲ? ಯುಗಾದಿ ಬರ್ತಿದೆ ಅಂತ ಹೇಳ್ತಿದ್ದಾರೆ ಅಷ್ಟೇ.

ಧಾರವಾಡ ಮಳಿ
ಹೌದಲ್ಲ, ಅದs ಮಜಾ. ಮೂಲದಾಗ ‘ಹೊಸ ವರುಷಕೆ ಹೊಸ ಹರುಷವ ಹೊಸತು ಹೊಸತು ತರುತಿದೆ’ ಅಂತ ಐತಿ. ತರಾಕತ್ತದ ಅಂತ ಸುದ್ದಿ ಹೇಳತಾರ. ಜನ ಏನ್ ಮಾಡ್ಯಾರ, ಕಡೀ ಕ್ರಿಯಾಪದ ಕಿತ್ತು ‘ತರಲಿ’ ಅಂತ ಹಾಕ್ಯಾರ. ‘ಹೊಸ ವರುಷ ಹೊಸ ಹರುಷ ತರಲಿ’. ‘ಕೆ’ ಹೋತು, ‘ವ’ ಹೋತು, ‘ಹೊಸತು ಹೊಸತು’ ಹೋತು. ಸುದ್ದಿ ಇದ್ದದ್ದು ಹಾರೈಕಿ ಆತು. ಈಗ ಜನವರಿ ಒಂದಕ್ಕೂ ಇದನ್ನ ಕಳಸ್ತಾರ, ಬೇವು ಬೆಲ್ಲ ಇಲ್ಲ, ಏನಿಲ್ಲ.

ಇನ್ನೊಂದು ಹೇಳತೀನಿ. ಪೂರ್ತಿ ಕವಿತಾ ಓದ್ರಿ. ಗಿಡಾ, ಹೂವು, ದುಂಬಿ ಎಲ್ಲಾಕ್ಕೂ ವರ್ಷಾ ವರ್ಷಾ ಹೊಸ ಜನ್ಮ ಬರತದ, ನಮಗ್ಯಾಕ ಒಂದs ಬಾಲ್ಯ ಒಂದs ಹರೆಯ ಅಂತ ಕೇಳೋ ಕವಿತಾ ಅದು. ಕೊರಗು ಐತಿ ಅದರಾಗ. ಶುಭಾಶಯದ ಕಾರ್ಡಿನ್ಯಾಗ ಆ ಕೊರಗು ಎಲ್ಲೂ ಸಿಗಂಗಿಲ್ಲ. ಮೊದಲ ನಾಲ್ಕು ಸಾಲಿಗೇ ಕತ್ತರಿ.

ಲಘು ಗುರು
ಈ ‘ತರುತಿದೆ’ಯಿಂದ ‘ತರಲಿ’ಗೆ ಹೋದದ್ದು ದೊಡ್ಡ ಸಾಕ್ಷಿ. ಸಿನಿಮಾ ಸಾಲು ಉಲ್ಲೇಖವಾಗಿಯೇ ಉಳಿದಿದೆಯೋ, ಮಾತೇ ಆಗಿಬಿಟ್ಟಿದೆಯೋ ಅಂತ ತಿಳಿಯೋಕೆ ನಾನು ನೋಡೋದು ಇದನ್ನೇ. ಹೇಳುವಾಗ ರಾಗ ಎಳೆದರೆ, ನಟನ ದನಿ ಅನುಕರಿಸಿದರೆ ಅದಿನ್ನೂ ಉಲ್ಲೇಖ. ರಾಗ ಬಿಟ್ಟು, ತನಗೆ ಬೇಕಾದ ಹಾಗೆ ಕ್ರಿಯಾಪದ ತಿರುಚಿದರೆ ಅದು ಮಾತಾಗ್ತಿದೆ. ಹೇಳಿದವರಿಗೆ ಸಿನಿಮಾದ ಹೆಸರೇ ಗೊತ್ತಿಲ್ಲ ಅಂದ್ರೆ ಪೂರ್ತಿ ಮಾತಾಗಿದೆ. ‘ಹೊಸ ವರುಷ ಹೊಸ ಹರುಷ’ ಈ ಕೊನೇ ಹಂತದಲ್ಲಿದೆ. ‘ನಗುತಾ ನಗುತಾ’ ನಡುವಿನಲ್ಲಿದೆ, ಬರೆದಾಗ ಮಾತು, ಹೇಳುವಾಗ ಇನ್ನೂ ಹಾಡು. ಕನ್ವರ್‌ಲಾಲ್ ಮೊದಲ ಹಂತ ದಾಟಿಲ್ಲ, ದಾಟೋದೂ ಇಲ್ಲ. ಅಂಬರೀಷ್ ದನಿ ಇಲ್ಲದೆ ಅದರಲ್ಲಿ ಮಜವೇ ಇಲ್ಲ.

ನಿಧಾನಿ
ಒಪ್ಪಲ್ಲ. ಸಿನಿಮಾ ಹೆಸರು ಗೊತ್ತಿಲ್ಲ ಅಂದ ಮಾತ್ರಕ್ಕೆ ಅದು ಸಿನಿಮಾದಿಂದಲೇ ಬಂತು ಅಂತ ಹೇಗೆ? ಕವಿತೆ ಶಾಲೆಗಳಲ್ಲೂ ಸಭೆಗಳಲ್ಲೂ ಹಾಡಿಸ್ತಿದ್ರು. ಹಾಡಾಗಿ ಕಲಿತವರು ಬೇರೆ, ಪದ್ಯವಾಗಿ ಕಲಿತವರು ಬೇರೆ.

ಧಾರವಾಡ ಮಳಿ
ಕಲಿತಾರ, ಇಲ್ಲ ಅನ್ನಂಗಿಲ್ಲ. ಆದ್ರ ಆ ಸಾಲು ಓದಿದ ಕೂಡ್ಲೆ ಯಾವ ಧಾಟಿ ಬರತದ ಬಾಯಾಗ? ಕುಲವಧು ಧಾಟಿ.

ನಿಧಾನಿ
ನಿಮಗೆ ಬರುತ್ತೆ. ಎಲ್ಲರಿಗೂ ಅಂತ ಹೇಗೆ ಹೇಳ್ತೀರಿ?

ಫ್ಲೆಕ್ಸ್ ಮಾಮ
ಇದರ ಮಧ್ಯೆ ಒಂದು ಕಸುಬಿನ ವಿಷಯ. ಮಾತಿನಲ್ಲಿ ಎಲ್ಲರೂ ‘ವರ್ಷ’ ಅಂತಾರೆ. ಬ್ಯಾನರ್, ಕಾರ್ಡ್ ಮೇಲೆ ಮಾತ್ರ ‘ವರುಷ’, ‘ಹರುಷ’. ಅದಕ್ಕೆ ಹಾಡು ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ಕಂಪ್ಯೂಟರ್! ಡಿಸೈನ್ ಮಾಡೋ ಕಡೆ ಈಗಲೂ ಹಳೇ ನುಡಿ ಫಾಂಟ್ ನಡೀತಿದೆ. ಗಿರಾಕಿ ಮೊಬೈಲಲ್ಲಿ ಕಳಿಸೋದು ಯೂನಿಕೋಡ್. ಅದನ್ನ ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತೆ. ಹಳೇ ಫಾಂಟಲ್ಲಿ ಅರ್ಕಾವೊತ್ತನ್ನ ಕಣ್ಣಿಗೆ ಕಾಣೋ ಹಾಗೆ ಅಕ್ಷರದ ನಂತರ ಕೂರಿಸ್ತಾರೆ, ಯೂನಿಕೋಡಲ್ಲಿ ಉಚ್ಚಾರದ ಹಾಗೆ ‘ರ್’ ಮೊದಲು ಬರುತ್ತೆ. ಎಡವಟ್ಟಾದ್ರೆ ‘ವರ್ಷ’ ಹೋಗಿ ‘ವಷರ್’, ‘ಕರ್ನಾಟಕ’ ಹೋಗಿ ‘ಕನಾರ್ಟಕ’. ರಸ್ತೆ ಬದಿ ನೋಡಿರ್ತೀರಿ. ‘ವರುಷ’ದಲ್ಲಿ ಒತ್ತೇ ಇಲ್ಲ, ಹಂಗಾಗಿ ಕೆಡೋಕೆ ಏನೂ ಇಲ್ಲ.

ಗಾಂಧಿನಗರ ಗಡಿಯಾರ
ಕನಾರ್ಟಕ 😂 ರಾಜ್ಯೋತ್ಸವದ ಬ್ಯಾನರ್‌ಗಳಲ್ಲೇ ಜಾಸ್ತಿ.

ಲಘು ಗುರು
ಫ್ಲೆಕ್ಸ್ ಮಾಮ ಹೇಳಿದ್ದು ತಮಾಷೆಯಾಗಿದೆ, ಆದ್ರೆ ಕಾರಣ ಅದಲ್ಲ. ಫಾಂಟ್ ಬರೋಕೆ ಮೊದಲೇ ‘ವರುಷ’ ‘ಹರುಷ’ ಜೋಡಿ ಕಾರ್ಡುಗಳಲ್ಲಿತ್ತು. ‘ವರ್ಷ’ ಮತ್ತು ‘ವರುಷ’ ಎರಡೂ ಮೂರು ಮಾತ್ರೆಯೇ. ಆದರೆ ‘ಹೊಸ ವರುಷಕೆ ಹೊಸ ಹರುಷವ’ ಹನ್ನೆರಡಕ್ಕೆ ಹನ್ನೆರಡೂ ಲಘು. ಎಡವದೆ ಕುಣ್ಕೊಂಡು ಹೋಗುತ್ತೆ. ಜೊತೆಗೆ ಎರಡನೇ ಅಕ್ಷರದ ಪ್ರಾಸ. ಎರಡು ಹಾಡಿನಲ್ಲೂ, ಬೇಂದ್ರೆ ಸಾಲಿನಲ್ಲೂ ಪರಶುರಾಮ್ ಸಾಲಿನಲ್ಲೂ, ಇದೇ ಜೋಡಿ ಇದೆ ನೋಡಿ. ಹೀಗಾಗಿ ಆಡುಮಾತಿನಲ್ಲಿ ಸತ್ತ ರೂಪ ಶುಭಾಶಯದಲ್ಲಿ ಮಾತ್ರ ಬದುಕಿದೆ. ಯಾರೂ ‘ಹೋದ ವರುಷ ಮಳೆ ಕಮ್ಮಿ’ ಅನ್ನಲ್ಲ.

ಮಂಡ್ಯ ಗಬ್ರು
ಎಲ್ಲಾ ಸರಿ ಕಣ್ರಪ್ಪ, ‘ಮಗಾ’ ಬಗ್ಗೆ ಯಾರೂ ಮಾತೇ ಎತ್ತನಿಲ್ವಲ್ಲ.

ಗಾಂಧಿನಗರ ಗಡಿಯಾರ
ಕರೆಕ್ಟ್! ‘ಏನ್ ಮಗಾ’ ಅಂತ ಮಾತಾಡಿಸೋದು ಶುರುವಾಗಿದ್ದೇ 2005ರ ‘ಜೋಗಿ’ಯಿಂದ. ‘ಹೊಡಿ ಮಗ ಹೊಡಿ ಮಗ’. ಪ್ರೇಮ್ ಡೈರೆಕ್ಷನ್, ಗುರುಕಿರಣ್ ಮ್ಯೂಸಿಕ್, ಶಿವಣ್ಣ. ಅದಕ್ಕೂ ಮೊದಲು ಯಾರೂ ಫ್ರೆಂಡ್‌ನ ಮಗಾ ಅಂತಿರ್ಲಿಲ್ಲ.

ಮಂಡ್ಯ ಗಬ್ರು
ಎಲ್ಲಿಂದ ತಂದ್ರಿ ಈ ಲೆಕ್ಕಾನ? ನಮ್ ಕಡೆ ತಾತನ ಕಾಲದಿಂದ್ಲೂ ‘ಬಾ ಮಗ’, ‘ಏನ್ ಮಗ’ ಅಂತ್ಲೇ ಮಾತಾಡ್ಸದು. ದೊಡ್ಡೋರು ಚಿಕ್ಕೋರ್ಗೂ ಅಂತಾರೆ, ಹೆಣ್ ಮಕ್ಳಿಗೂ ಅಂತಾರೆ. ಹಾಡು ಬರೆದೋರು ನಮ್ ಮಾತ್ನ ಎತ್ಕೊಂಡವ್ರೆ, ನಾವು ಅವರ್ದು ಎತ್ಕೊಂಡಿಲ್ಲ.

ಲಘು ಗುರು
ಗಡಿಯಾರ ಅವರದು ಅರ್ಧ ಸರಿ. ಹುಟ್ಟಿದ್ದು ಜೋಗಿಯಲ್ಲಲ್ಲ, ಆದ್ರೆ ಊರು ದಾಟಿದ್ದು ಹಾಡಿನಿಂದ. ಮಂಡ್ಯ, ಮೈಸೂರು ಕಡೆ ‘ಮಗ’ದಲ್ಲಿ ವಾತ್ಸಲ್ಯ ಇತ್ತು, ಹಿರಿಯರು ಕಿರಿಯರನ್ನ ಕರೆಯೋ ರೀತಿ. ಬೆಂಗಳೂರಿನ ಕಾಲೇಜು ಹುಡುಗರ ಬಾಯಲ್ಲಿ ಸಮವಯಸ್ಕರನ್ನ ಕರೆಯೋ ‘ಮಗಾ’ ಆಯ್ತು. ಕೊನೇ ಅಕ್ಷರ ಎಳೆಯೋದು ಗಮನಿಸಿ. ‘ಬಾಳು ನೀನು’ಗೆ ಆದದ್ದೇ ಇಲ್ಲೂ ಆಗಿದೆ: ಮೇಲಿಂದ ಕೆಳಗೆ ಇಳೀತಿದ್ದ ಮಾತು ಅಕ್ಕಪಕ್ಕ ಹರಿಯೋಕೆ ಶುರುವಾಯ್ತು.

ಧಾರವಾಡ ಮಳಿ
ನಮ್ಮ ಕಡೆ ಹುಡುಗ್ರು ಈಗ ‘ಮಗಾ’ ಅಂತಾರ, ಖರೇ. ಆದ್ರ ಕೇಳಿದ್ರ ಗೊತ್ತಾಗತದ, ಅದು ಸಿನಿಮಾದ ಮಾತು ಅಂತ. ‘ಲೇ ದೋಸ್ತ’ ಅಂದ್ರ ನಮ್ಮದು. ನನ್ನ ತಕರಾರು ಬ್ಯಾರೆ ಐತಿ. ದಕ್ಷಿಣದ ಮಾತು ಉತ್ತರಕ್ಕ ಬರತಾವ, ಉತ್ತರದ್ದು ದಕ್ಷಿಣಕ್ಕ ಹೋಗಂಗಿಲ್ಲ. ‘ಶರಣ್ರೀ’, ‘ಆರಾಮ ಅದೀರೇನ್ರಿ’ ಅಂತ ನಾವು ದಿನಾ ಮಾತಾಡಸತೀವಿ. ಸಿನಿಮಾದಾಗ ಬಂದದ ಅದು, ಆದ್ರ ಹೆಚ್ಚಾಗಿ ನಗಸೋ ಪಾತ್ರದ ಬಾಯಾಗ. ನಗಸೋ ಪಾತ್ರದ ಮಾತನ್ನ ಯಾರ್ರೀ ತಮ್ಮ ಮಾತು ಅಂತ ಮಾಡ್ಕೋತಾರ? ಅಣಕ ಮಾಡತಾರ ಅಷ್ಟ.

ಕಡಲ ಕಾಗೆ
ಅದೇ ಅಲ್ವಾ ನಮ್ಮ ಕಥೆಯೂ. ‘ಎಂತ ಮಾರಾಯ’ ಅಂತ ಬೆಂಗಳೂರಿನವರು ಈಗ ಹೇಳುದು ಉಂಟು. 2014ರ ‘ಉಳಿದವರು ಕಂಡಂತೆ’ ನಂತರ, 2018ರ ಕಾಸರಗೋಡು ಶಾಲೆಯ ಸಿನಿಮಾ ನಂತರ ಜಾಸ್ತಿ ಆಯ್ತು. ಅದರಲ್ಲಿ ಕರಾವಳಿಯವರು ಬರೀ ಕಾಮಿಡಿಗೆ ಅಲ್ಲ, ಹೀರೋನೇ ಹಾಗೆ ಮಾತಾಡುದು. ಅದಕ್ಕೇ ದಾಟಿದ್ದು ಅಂತ ನನಗೆ ಕಾಣ್ತದೆ. ಆದ್ರೆ ಅವರು ತಪ್ಪು ಜಾಗದಲ್ಲಿ ಹಾಕ್ತಾರೆ ಮಾರಾಯ್ರೆ! ದೊಡ್ಡವರಿಗೆ ‘ಮಾರಾಯ್ರೆ’ ಅನ್ನಬೇಕು, ಹೆಂಗಸರಿಗೆ ‘ಮಾರಾಯ್ತಿ’ ಅನ್ನಬೇಕು. ಅವರು ಎಲ್ಲರಿಗೂ ‘ಮಾರಾಯ’. ರೀಲ್ಸ್ ನೋಡಿ ಕಲಿತದ್ದು ಅಂತ ಅಲ್ಲೇ ಗೊತ್ತಾಗ್ತದೆ.

ನಿಧಾನಿ
ಹೀರೋ ಮಾತಾಡಿದ್ರೆ ದಾಟುತ್ತೆ ಅಂದ್ರೆ ‘ಪಂಚರಂಗಿ’ಯ ‘ಗಳು’ ಎಲ್ಲಿ ಹೋಯ್ತು? 2010ರಲ್ಲಿ ಬೆಂಗಳೂರಿನ ತುಂಬ ‘ಹಾಯ್‌ಗಳು’, ‘ಊಟಗಳು ಆಯ್ತಾ’, ‘ಲೈಫುಗಳು ಹೇಗಿದೆ’. ಹೀರೋ ಆಡಿದ್ದೇ. ಈಗ ಆಡಿದ್ರೆ ಅಂಕಲ್ ಅಂತಾರೆ.

ಲಘು ಗುರು
ಅದಕ್ಕೆ ಖಾಲಿ ಜಾಗ ಇರಲಿಲ್ಲ. ‘ಊಟ ಆಯ್ತಾ’ ಆಗಲೇ ಇದೆ, ಅದಕ್ಕೆ ಬಾಲ ಅಂಟಿಸಿದ್ರು. ಬಾಲದ ಕೆಲಸ ನಗಿಸೋದು ಮಾತ್ರ, ನಗು ನಿಂತ ದಿನ ಬಾಲ ಉದುರಿತು. ಅದೇ ಚಿತ್ರದ ‘ಲೈಫು ಇಷ್ಟೇನೇ’ ಉಳಿಯಿತು ನೋಡಿ, ನಿಟ್ಟುಸಿರು ಬಿಡೋಕೆ ಒಂದು ಮಾತು ಬೇಕಿತ್ತು.

ಸಾಲುಗಳ್ಳ
ಹಾಗಾದ್ರೆ ‘ಏನಿಲ್ಲ ಏನಿಲ್ಲ’? ಅದೂ ಆಗಲೇ ಇದ್ದ ಮಾತೇ.

ಲಘು ಗುರು
ಅದು ನನ್ನ ವಾದಕ್ಕೆ ತೊಡಕು ಹೌದು. 1999ರ ‘ಉಪೇಂದ್ರ’ ಚಿತ್ರದ ಹಾಡು. 25 ವರ್ಷ ಬಿಟ್ಟು 2024ರ ಆರಂಭದಲ್ಲಿ ರೀಲ್ಸ್‌ನಲ್ಲಿ ‘ಕರಿಮಣಿ ಮಾಲೀಕ ನೀನಲ್ಲ’ ಸಾಲಿನ ಜೊತೆ ಎದ್ದು ಕೂತಿತು. ‘ಏನ್ ಸಮಾಚಾರ’ ಅಂದ್ರೆ ‘ಏನಿಲ್ಲ’ ಅನ್ನೋದು ಮೊದಲಿಂದಲೂ ಇದ್ದ ಉತ್ತರ. ಆಗ ಎರಡು ಸಲ ಹೇಳಿ ರಾಗ ಎಳೆಯೋದು ಶುರುವಾಯ್ತು. ಅದು ಪಂಚರಂಗಿಯ ‘ಗಳು’ ಹೋದ ದಾರಿಗೇ ಹೋಗುತ್ತೆ ಅಂತ ನನ್ನ ಅಂದಾಜು.

ಕನ್ವರ್‌ಲಾಲ್ ಶಿಷ್ಯ
ಹೋಗಲ್ಲ. ಉಪ್ಪಿ ಸಾಲು ಸಾಯಲ್ಲ, ನಿದ್ದೆ ಮಾಡುತ್ತೆ.

ಅಭಿಮಾನಿ ದೇವರು ನಂ. 1
ಎಲ್ಲರೂ ದೊಡ್ಡದನ್ನೇ ಮರೆತಿದ್ದೀರಿ. ‘ಅಭಿಮಾನಿ ದೇವರುಗಳೇ’. ಜನರನ್ನ ದೇವರು ಅಂತ ಕರೆದ ಏಕೈಕ ನಮಸ್ಕಾರ. ಯಾವ ಚಿತ್ರದ ಡೈಲಾಗ್ ಅಂತ ಯಾರಾದ್ರೂ ಹೇಳಿ ನೋಡೋಣ.

ನಿಧಾನಿ
ಡೈಲಾಗೇ ಅಲ್ಲ. ರಾಜ್‌ಕುಮಾರ್ ವೇದಿಕೆ ಮೇಲೆ ಜನರ ಮುಂದೆ ಮಾತು ಶುರು ಮಾಡ್ತಿದ್ದ ರೀತಿ.

ಲಘು ಗುರು
ಹೌದು, ಅದು ತೆರೆಯ ಹೊರಗಿನ ಮಾತು. 1954ರ ‘ಬೇಡರ ಕಣ್ಣಪ್ಪ’ಕ್ಕೆ ಮೊದಲು ಅವರು ಗುಬ್ಬಿ ಕಂಪನಿಯ ನಾಟಕಗಳಲ್ಲಿದ್ದವರು. ಕಂಪನಿ ನಾಟಕದಲ್ಲಿ ಎದುರಿಗೆ ಕೂತವರೇ ಅನ್ನದಾತರು, ಆ ವಿನಯ ಅಲ್ಲಿಂದ ಬಂದದ್ದು ಅಂತ ನನಗನ್ನಿಸುತ್ತೆ. ಇದರಲ್ಲೂ ಅಚ್ಚು ಬಿಟ್ಟುಹೋಗಿದೆ: ಮುಂದೆ ಯಾರನ್ನಾದ್ರೂ ಇಟ್ಟು ಹಿಂದೆ ‘ದೇವರು’ ಹಾಕೋದು. ಗ್ರಾಹಕ ದೇವರು, ಮತದಾರ ದೇವರು, ಪ್ರೇಕ್ಷಕ ದೇವರು. ‘ದೇವರು’ ಅನ್ನೋದೇ ಗೌರವದ ರೂಪ, ಅದರ ಮೇಲೆ ‘ಗಳು’ ಬೇಕಿಲ್ಲ ಅಂತ ವ್ಯಾಕರಣದವರು ಮೂಗು ಮುರೀತಾರೆ. ಆದ್ರೆ ‘ಅಭಿಮಾನಿ ದೇವರೇ’ ಅಂದ್ರೆ ಒಬ್ಬನೇ ಅಭಿಮಾನಿಯನ್ನ ಕರೆದ ಹಾಗಾಗುತ್ತೆ. ಗುಂಪಿಗೆ ಕೈಮುಗಿಯೋಕೆ ‘ಗಳೇ’ ಬೇಕೇಬೇಕು.

ಗಾಂಧಿನಗರ ಗಡಿಯಾರ
ಅಲ್ಲಿಗೆ ಸ್ಟಾರ್‌ನಿಂದಲೇ ಹರಡಿತು ಅಂತ ಒಪ್ಪಿದ್ರಿ!

ಲಘು ಗುರು
ಇದೊಂದರಲ್ಲಿ ಒಪ್ಪಿದೆ. ಬೇರೆ ನಟರು ಅದನ್ನೇ ಹೇಳಿದಾಗ ರಾಜ್ ನೆನಪಾಗ್ತಾರೆ ಅನ್ನೋದೂ ನಿಜ. ಅಂದ್ರೆ ಅದಿನ್ನೂ ಅವರ ಮಾತಾಗಿಯೇ ಇದೆ.

ಪುಟ್ಟಿ ಅಮ್ಮ
ಇಷ್ಟೆಲ್ಲ ತಿಳಿದೋರಿದ್ದೀರಿ, ನನಗೊಂದು ಸಹಾಯ ಬೇಕು. ನಮ್ಮ ಅತ್ತೆಗೆ ಮುಂದಿನ ತಿಂಗಳು 96 ತುಂಬುತ್ತೆ. ಮಕ್ಕಳೆಲ್ಲ ‘ನಗುತಾ ನಗುತಾ ಬಾಳಿ ನೀವು ನೂರು ವರುಷ’ ಅಂತ ಬ್ಯಾನರ್ ಮಾಡಿಸೋಣ ಅಂತಿದ್ದಾರೆ. 96 ಆದವರಿಗೆ ನೂರು ಅಂದ್ರೆ ಇನ್ನು ನಾಲ್ಕೇ ವರ್ಷ ಅಂದ ಹಾಗಾಗಲ್ವಾ? ಏನು ಹಾಕಿಸೋದು?

ಕನ್ವರ್‌ಲಾಲ್ ಶಿಷ್ಯ
‘ಇನ್ನೂರು ವರುಷ’ ಹಾಕ್ಸಿ ಅಮ್ಮ.

ಫ್ಲೆಕ್ಸ್ ಮಾಮ
ಈ ಸಮಸ್ಯೆ 90 ದಾಟಿದವರಿಗೆಲ್ಲ ಬರುತ್ತೆ. ಬಹಳ ಜನ ‘ನೂರಾರು ವರುಷ’ ಅಂತ ಬದಲಾಯಿಸ್ತಾರೆ.

ಲಘು ಗುರು
‘ನೂರಾರು’ ಐದು ಮಾತ್ರೆ, ‘ನೂರು’ ಇದ್ದದ್ದು ಮೂರು. ಓದೋಕೆ ಸರಿ. ಮಕ್ಕಳು ಹಾಡುವಾಗ ಅಲ್ಲಿ ತೊದಲ್ತಾರೆ. ಹಾಡಬೇಕು ಅಂತಿದ್ರೆ ‘ಹಲವು ವರುಷ’ ಹಾಕಿಸಿ ಅಮ್ಮ. ‘ಹಲವು’ ಮೂರು ಮಾತ್ರೆ, ಟ್ಯೂನ್‌ಗೆ ಕೂರುತ್ತೆ. ‘ನಗುತಾ ನಗುತಾ ಬಾಳಿ ನೀವು ಹಲವು ವರುಷ’.

ಧಾರವಾಡ ಮಳಿ
‘ಹಲವು’ ಅಂದ್ರ ಸರ್ಕಾರಿ ಪತ್ರದ ಭಾಷಾ ಆಗತದ್ರೀ. ತೂಕ ಇಲ್ಲ ಅದಕ್ಕ.

ಫ್ಲೆಕ್ಸ್ ಮಾಮ
ಅಮ್ಮ, ಮೊದಲ ಸಾಲನ್ನೇ ಬಿಟ್ಬಿಡಿ. ಎರಡನೇ ಸಾಲಿನ ‘ಇರಲಿ ಇರಲಿ ಹರುಷ ಹರುಷ’ ಮಾತ್ರ ಹಾಕಿ. ಅದರಲ್ಲಿ ನೀನು ಇಲ್ಲ, ನೀವು ಇಲ್ಲ, ಲೆಕ್ಕವೂ ಇಲ್ಲ. ಓದಿದ ಕೂಡಲೇ ಎಲ್ಲರಿಗೂ ಹಾಡು ಯಾವುದು ಅಂತ ಗೊತ್ತಾಗುತ್ತೆ, ಮೊದಲ ಸಾಲನ್ನ ಅವರೇ ಮನಸ್ಸಲ್ಲಿ ತುಂಬ್ಕೋತಾರೆ. ಒಂದೇ ಸಾಲಲ್ಲಿ ಬರೋ ಹಾಗೆ ಹೇಳಿ. ‘ಇರಲಿ ಇರಲಿ’ ಒಂದು ಕಡೆ, ‘ಹರುಷ ಹರುಷ’ ಫೋಟೋ ಆಚೆ ಕಡೆ ಹೋದ್ರೆ ಕೆಡುತ್ತೆ.

ಪುಟ್ಟಿ ಅಮ್ಮ
ಇದು ಚೆನ್ನಾಗಿದೆ. ಮಕ್ಕಳನ್ನ ಕೇಳ್ತೀನಿ.

ಕಡಲ ಕಾಗೆ
ಒಂದು ಮಾತು ಹೇಳ್ಲಾ? ಈ ಹಾಡನ್ನ ಬರ್ತ್‌ಡೇಗೆ ಹಾಕ್ಲಿಕ್ಕೆ ಈಗ ಕೆಲವರು ಹಿಂಜರಿತಾರೆ. ಪರಶುರಾಮ್ ಸಿನಿಮಾದಲ್ಲಿ ಪುನೀತ್ ಕೂಡ ಇದ್ದರಲ್ಲ, ಹುಡುಗ ಆಗ. 2021ರ ಅಕ್ಟೋಬರ್ 29ಕ್ಕೆ ಅವರು ಹೋದದ್ದು, 46 ವರ್ಷಕ್ಕೆ. ಆಮೇಲೆ ‘ನೂರು ವರುಷ’ ಅಂತ ಕೇಳಿದ್ರೆ ಒಂದು ನಮೂನೆ ಆಗ್ತದೆ.

ಅಭಿಮಾನಿ ದೇವರು ನಂ. 1
ನಮಗೆ ಮಾರ್ಚ್ 17ಕ್ಕೆ ಇದೇ ಹಾಡು ಬೇಕು. ಅಪ್ಪು ಹುಟ್ಟುಹಬ್ಬಕ್ಕೆ ಬೇರೆ ಯಾವುದು ಹಾಕೋದು?

ನಿಧಾನಿ
ಇಲ್ಲಿ ಲಘು ಗುರು ಅವರ ಹಂತದ ಲೆಕ್ಕ ಕೈಕೊಡುತ್ತೆ. ಸಿನಿಮಾ ಮರೆತಷ್ಟೂ ಸಾಲು ಮಾತಾಗುತ್ತೆ ಅಂದ್ರಿ. ಇಲ್ಲಿ ಮರೆತು ಮೂವತ್ತು ವರ್ಷ ಮಾತಾಗಿದ್ದ ಸಾಲು 2021ರ ನಂತರ ಮತ್ತೆ ಸಿನಿಮಾಕ್ಕೆ, ಅದರಲ್ಲಿದ್ದ ಹುಡುಗನಿಗೆ ವಾಪಸ್ ಅಂಟಿಕೊಂಡಿತು. ಉಲ್ಟಾ ಪ್ರಯಾಣ.

ಲಘು ಗುರು
ಅಂಟಿಕೊಂಡಿದ್ದು ಹಾಡಿನ ರೂಪಕ್ಕೆ. ಧ್ವನಿ ಹಾಕಿ ಸ್ಟೇಟಸ್ ಮಾಡಿದವರಿಗೆ ಅಪ್ಪು ನೆನಪಾಗ್ತಾರೆ. ಬ್ಯಾನರ್ ಮೇಲಿನ ‘ಬಾಳಿ ನೀವು’ ರೂಪಕ್ಕೆ ಆ ನೆನಪು ಅಷ್ಟಾಗಿ ತಟ್ಟಿಲ್ಲ. ಅದು ಆಗಲೇ ಬೇರೆ ಸಾಲಾಗಿದೆ.

ನಿಧಾನಿ
ಫ್ಲೆಕ್ಸ್ ಮಾಮ ಹೇಳಲಿ. 2021ರ ನಂತರ ಈ ಸಾಲು ಕೇಳೋರು ಕಮ್ಮಿ ಆದ್ರಾ?

ಫ್ಲೆಕ್ಸ್ ಮಾಮ
ಕಮ್ಮಿ ಆಗಿಲ್ಲ. ಆದ್ರೆ ಮಕ್ಕಳ ಮೊದಲ ಹುಟ್ಟುಹಬ್ಬಕ್ಕೆ ಮಾಡಿಸೋರು ಈಗ ಒಂದು ಮೂಲೇಲಿ ಅಪ್ಪು ಫೋಟೋನೂ ಹಾಕ್ಸಿ ಅಂತಾರೆ. ಅದನ್ನ ನೀವು ಹಾಡಿನ ಲೆಕ್ಕಕ್ಕೆ ಸೇರಿಸ್ತೀರೋ ಮಾತಿನ ಲೆಕ್ಕಕ್ಕೆ ಸೇರಿಸ್ತೀರೋ ನೀವೇ ನೋಡ್ಕೊಳ್ಳಿ.

ಗಾಂಧಿನಗರ ಗಡಿಯಾರ
ಸ್ಟಾರ್ ಲೆಕ್ಕಕ್ಕೆ!

ಮಂಡ್ಯ ಗಬ್ರು
ಲೇ ಮಗ, ಸುಮ್ನಿರೋ.